ರಾತ್ರಿಯಿಡೀ ಆಟ, 75 ಸೆಕೆಂಡಿನ ಟೀಸರ್

ಯಕ್ಷಗಾನ ಬಯಲಾಟದ ಒಂದು ಇಡೀ ರಾತ್ರಿಯ ಪ್ರದರ್ಶನವನ್ನು, ಎಂದರೆ ಸುಮಾರು 9 ಗಂಟೆಗಳ ಕಲಾಪವನ್ನು, ಸೆಕೆಂಡಿಗೆ 25 ಫ್ರೇಮುಗಳ ವೇಗದಲ್ಲಿ ಚಿತ್ರೀಕರಿಸಿದರೆ ಒಂದೊಂದು ಕ್ಯಾಮೆರಾದಲ್ಲಿಯೂ 8,10,000 ಬಿಡಿಚಿತ್ರಗಳು ಉಳಿಯುತ್ತವೆ. ಅದೇ ಆಟದ ಮುಂದಿನ ಪ್ರದರ್ಶನಕ್ಕೆ ಜನರನ್ನು ಕರೆಯಲು ಸಿದ್ಧಪಡಿಸುವ 75 ಸೆಕೆಂಡಿನ ಟೀಸರಿನಲ್ಲಿ ಇರಬಹುದಾದ ಬಿಡಿಚಿತ್ರಗಳು 1,875 ಮಾತ್ರ. ಒಂದೇ ಕ್ಯಾಮೆರಾದ ಲೆಕ್ಕ ಹಿಡಿದರೂ 432ರಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಬೇಕಾಗುತ್ತದೆ; ಮೂರು ಕ್ಯಾಮೆರಾಗಳಿದ್ದರೆ ಬಿಡುವುದರ ಪ್ರಮಾಣ ಇನ್ನೂ ಮೂರು ಪಟ್ಟು ಹೆಚ್ಚುತ್ತದೆ. ಇಷ್ಟನ್ನು ಬಿಡುವ ಕೆಲಸವೇ ಕಠಿಣವೆಂದು ಮೇಲ್ನೋಟಕ್ಕೆ ತೋರಿದರೂ, ಸಂಕಲನಕಾರನ ನಿಜವಾದ ಪರೀಕ್ಷೆ ನಡೆಯುವುದು ಉಳಿದ ಚಿತ್ರಗಳಲ್ಲಿ ಯಾವುದು ಎಷ್ಟು ಹೊತ್ತು ನಿಲ್ಲಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬ ನಿರ್ಣಯದಲ್ಲಿ.

ಟೀಸರ್ ಎಂಬುದು ಸಾರಾಂಶವಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ನಡೆದುಹೋದ ಕಾರ್ಯಕ್ರಮದ ಮುಖ್ಯ ಘಟ್ಟಗಳನ್ನು ಅನುಕ್ರಮವಾಗಿ ಜೋಡಿಸಿ ಕೊಡುವ ‘ಹೈಲೈಟ್ಸ್’ ನೋಡಿದವನಿಗೆ ಆಟದಲ್ಲಿ ಏನೇನಾಯಿತೆಂಬುದು ತಿಳಿಯಬೇಕು. ಟೀಸರ್ ನೋಡಿದವನಿಗೆ ಆಟವನ್ನು ಪೂರ್ತಿ ನೋಡದೆ ಇರಲಾಗದು ಎನಿಸಬೇಕು. ಮೊದಲನೆಯದು ಮಾಹಿತಿಯನ್ನು ಪೂರ್ಣಗೊಳಿಸುತ್ತದೆ, ಎರಡನೆಯದು ನಿರೀಕ್ಷೆಯನ್ನು ಹುಟ್ಟಿಸಿ ಅಪೂರ್ಣವಾಗಿಯೇ ಬಿಡುತ್ತದೆ. ಈ ನಿರೀಕ್ಷೆ ದೃಶ್ಯಗಳ ಆಯ್ಕೆಯಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಅವುಗಳ ಲಯದಿಂದ, ಅದರಲ್ಲಿಯೂ ನಿಧಾನವಾಗಿ ಆರಂಭವಾಗಿ ಏರುತ್ತ ಹೋಗುವ ವೇಗದಿಂದ ಹುಟ್ಟುತ್ತದೆ. ಆ ಏರಿಕೆಯನ್ನು ಹೊರಗಿನಿಂದ ತಂದು ಅಂಟಿಸದೆ ಕಾರ್ಯಕ್ರಮದ ಒಳಗಿನಿಂದಲೇ ಹೇಗೆ ಎತ್ತಿಕೊಳ್ಳಬಹುದು ಎಂಬುದು ಈ ಲೇಖನದ ವಿಷಯ.

ಉದಾಹರಣೆಗಾಗಿ ತೆಂಕುತಿಟ್ಟಿನ ‘ಶ್ರೀ ದೇವಿ ಮಹಾತ್ಮೆ’ ಪ್ರಸಂಗವನ್ನು ಎತ್ತಿಕೊಳ್ಳಬಹುದು. ಮಾರ್ಕಂಡೇಯ ಪುರಾಣದ ಕಥೆಯನ್ನು ಆಧರಿಸಿದ ಈ ಪ್ರಸಂಗವನ್ನು ಕಟೀಲು ದುರ್ಗಾಪರಮೇಶ್ವರಿ ದೇವಸ್ಥಾನದ ಮೇಳಗಳು ಹರಕೆಯ ಆಟವಾಗಿ ದಶಕಗಳಿಂದ ಆಡುತ್ತ ಬಂದಿವೆ. ಮಧುಕೈಟಭರ ಕಥೆಯಿಂದ ಆರಂಭಿಸಿ, ಮಹಿಷಾಸುರನ ವಧೆಯನ್ನು ಹಾದು, ಚಂಡಮುಂಡರು, ರಕ್ತಬೀಜ, ಶುಂಭನಿಶುಂಭರವರೆಗೆ ಸಾಗುವ ಆಟದಲ್ಲಿ ಪ್ರೇಕ್ಷಕರು ಕಾದು ಕುಳಿತುಕೊಳ್ಳುವ ಘಟ್ಟವೆಂದರೆ ಮಹಿಷಾಸುರನ ಪ್ರವೇಶ. ಆತ ಚೌಕಿಯಿಂದ, ಎಂದರೆ ವೇಷ ಕಟ್ಟುವ ಬಣ್ಣದ ಮನೆಯಿಂದ, ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಪ್ರೇಕ್ಷಕರ ಹಿಂಬದಿಯ ಕತ್ತಲಿನಿಂದ, ದೊಂದಿಗಳ ಬೆಳಕಿನಲ್ಲಿ, ರಾಳದ ಪುಡಿ ಎರಚಿದಾಗ ಭುಗಿಲೇಳುವ ಬೆಂಕಿಯ ನಡುವೆ, ಅಬ್ಬರಿಸುತ್ತ ಜನರ ಮಧ್ಯದಿಂದಲೇ ನಡೆದುಬರುತ್ತಾನೆ. ನಿಧಾನವಾದ ಆರಂಭ, ಏರುವ ಲಯ, ದೀರ್ಘ ಕಾಯುವಿಕೆ ಮತ್ತು ಒಮ್ಮೆಲೇ ಸಿಡಿಯುವ ಘಟ್ಟ ಎಂಬ ನಾಲ್ಕೂ ಅಂಶಗಳು ಈ ಪ್ರಸಂಗದ ಹಂದರದಲ್ಲಿಯೇ ಇರುವುದರಿಂದ ಟೀಸರಿನ ವಿನ್ಯಾಸಕ್ಕೆ ಬೇರೆ ಮಾದರಿಯನ್ನು ಹುಡುಕಬೇಕಾಗಿಲ್ಲ.

ಇಡೀ ರಾತ್ರಿಯ ಆಟವನ್ನು ಚಿಕ್ಕದಾಗಿಸುವ ಯೋಚನೆ ಯಕ್ಷಗಾನಕ್ಕೆ ಹೊಸದೇನೂ ಅಲ್ಲ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ‘ಯಕ್ಷಗಾನ ಬಯಲಾಟ’ ಕೃತಿಗಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ಮಾತಿನ ಭಾಗವನ್ನು ಬಹುವಾಗಿ ಇಳಿಸಿ, ಹಾಡು ಮತ್ತು ಕುಣಿತಗಳನ್ನೇ ನೆಚ್ಚಿದ ಕಿರು ಅವಧಿಯ ಪ್ರಯೋಗಗಳನ್ನು ನಡೆಸಿದ್ದರು. ಮಾತಿಲ್ಲದೆಯೂ ಆಟದ ಭಾವ ನಿಲ್ಲಬಲ್ಲದೇ ಎಂದು ಅವರ ಪ್ರಯೋಗಗಳು ಕೇಳಿದ ಪ್ರಶ್ನೆಯನ್ನೇ ಸಂಕಲನಕಾರ ಇನ್ನಷ್ಟು ಇಕ್ಕಟ್ಟಾದ ಅವಧಿಯಲ್ಲಿ ಎದುರಿಸುತ್ತಾನೆ. ಅರ್ಥಗಾರಿಕೆ, ಎಂದರೆ ಪದ್ಯದ ನಂತರ ವೇಷಧಾರಿ ಆಶುವಾಗಿ ಬೆಳೆಸುವ ಸಂಭಾಷಣೆ, ತೆಂಕುತಿಟ್ಟಿನ ಹೆಮ್ಮೆಯಾದರೂ ಅದರ ಸೊಗಸಿರುವುದು ವಾದದ ಬೆಳವಣಿಗೆಯಲ್ಲಿ. ಹತ್ತು ಸೆಕೆಂಡಿಗೆ ಕತ್ತರಿಸಿದ ವಾದ ಬರಿಯ ಕೂಗಾಗಿಬಿಡುವುದರಿಂದ ಅದನ್ನು ಟೀಸರಿನಿಂದ ಪೂರ್ತಿಯಾಗಿ ಹೊರಗಿಡುವುದೇ ಆ ಕಲೆಗೆ ತೋರುವ ಗೌರವ.

ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಮೂರು ಕ್ಯಾಮೆರಾಗಳ ಚಿತ್ರ ಮತ್ತು ಧ್ವನಿ ಒಂದೇ ಕಾಲಕ್ಕೆ ಹೊಂದಬೇಕು. ಸಂಕಲನದ ತಂತ್ರಾಂಶಗಳು ಧ್ವನಿಯ ಅಲೆಯಾಕಾರವನ್ನು, ಎಂದರೆ ಸದ್ದಿನ ಏರಿಳಿತವನ್ನು ರೇಖೆಯಾಗಿ ತೋರಿಸುವ ವೇವ್‌ಫಾರ್ಮನ್ನು, ಹೋಲಿಸಿ ಈ ಹೊಂದಾಣಿಕೆಯನ್ನು ತಾವಾಗಿಯೇ ಮಾಡುತ್ತವೆ. ಆದರೆ ಬಯಲಿನಲ್ಲಿ ಇದಕ್ಕೊಂದು ತೊಡಕಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆದ್ದರಿಂದ ರಂಗಸ್ಥಳದಿಂದ 30 ಮೀಟರ್ ಹಿಂದೆ, ಪ್ರೇಕ್ಷಕರ ಬೆನ್ನಿಗೆ ನಿಲ್ಲಿಸಿದ ಕ್ಯಾಮೆರಾದ ಮೈಕಿಗೆ ಚೆಂಡೆಯ ಪೆಟ್ಟು ಸೆಕೆಂಡಿನ ಸುಮಾರು ಹನ್ನೊಂದನೆಯ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಬೆಳಕಿಗಾದರೆ ಆ ತಡವಿಲ್ಲ. ಈ ಕ್ಯಾಮೆರಾದ ಸದ್ದನ್ನು ರಂಗಸ್ಥಳದ ಮಿಕ್ಸರಿನಿಂದ ನೇರವಾಗಿ ಪಡೆದ ಸದ್ದಿನೊಂದಿಗೆ ಸರಿಯಾಗಿ ಹೊಂದಿಸಿದರೆ ಅದರ ಚಿತ್ರ ಎರಡು ಫ್ರೇಮುಗಳಿಗಿಂತ ತುಸು ಹೆಚ್ಚು ಮುಂದಕ್ಕೆ ಓಡುತ್ತದೆ, ಎಂದರೆ ಕೋಲು ಚೆಂಡೆಗೆ ಬಿದ್ದುದು ಕಂಡ ಮೇಲೆ ಪೆಟ್ಟು ಕೇಳಿಸುತ್ತದೆ. ರಾತ್ರಿಯಿಡೀ ದೂರದಿಂದ ನೋಡುವಾಗ ಯಾರ ಗಮನಕ್ಕೂ ಬಾರದ ಈ ಅಂತರ, ಲಯವನ್ನೇ ಜೀವಾಳವಾಗಿಸಿಕೊಂಡ ಕಿರುಚಿತ್ರದಲ್ಲಿ ಕಾರಣ ಹೊಳೆಯದ ಒಂದು ಸಡಿಲತೆಯಾಗಿ ಕಾಡುತ್ತದೆ. ಚೆಂಡೆಯವರ ಕೈ ಕಾಣುವ ಒಂದು ತುಣುಕನ್ನು ಹುಡುಕಿ, ಕೋಲು ಚರ್ಮವನ್ನು ಮುಟ್ಟುವ ಫ್ರೇಮಿಗೂ ಸದ್ದಿನ ಮೊನೆಗೂ ತಾಳೆಯಾಗುವಂತೆ ಹಿಂದಿನ ಕ್ಯಾಮೆರಾದ ಚಿತ್ರವನ್ನು ಎರಡು ಫ್ರೇಮು ಹಿಂದಕ್ಕೆ ಸರಿಸಿದರೆ ತೊಡಕು ತೀರುತ್ತದೆ.

ಆಯ್ಕೆಯ ಹಂತದಲ್ಲಿ ಅನುಭವವಿಲ್ಲದವರು ಅಲೆಯಾಕಾರದ ಎತ್ತರದ ಶಿಖರಗಳನ್ನು ಕಂಡಲ್ಲೆಲ್ಲ ನಿಂತು ಅಲ್ಲಿನ ದೃಶ್ಯಗಳನ್ನು ಬಾಚಿಕೊಳ್ಳುತ್ತಾರೆ, ಏಕೆಂದರೆ ಚೆಂಡೆ ಜೋರಾಗಿರುವಲ್ಲಿ ಯುದ್ಧವೋ ಒಡ್ಡೋಲಗವೋ ಇದ್ದೇ ಇರುತ್ತದೆ. ಹೀಗೆ ಆರಿಸಿದ ತುಣುಕುಗಳೆಲ್ಲವೂ ಅಬ್ಬರದವೇ ಆಗಿ, ಅವುಗಳಿಂದ ಕಟ್ಟಿದ ಟೀಸರು ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ಒಂದೇ ಎತ್ತರದಲ್ಲಿ ಕಿರುಚುತ್ತದೆ. ಆದ್ದರಿಂದ ಆಯ್ಕೆಯ ಸಾಲನ್ನು ಎರಡಾಗಿ ಇಡುವುದು ಉಚಿತ: ಒಂದರಲ್ಲಿ ಚಲನೆಯ ತುಣುಕುಗಳು, ಇನ್ನೊಂದರಲ್ಲಿ ತಡೆಯ ತುಣುಕುಗಳು. ಚಲನೆಯವೆಂದರೆ ಧೀಂಗಿಣ, ಎಂದರೆ ವೇಷಧಾರಿ ಗಾಳಿಯಲ್ಲಿ ಹಾರಿ ಸುತ್ತುವ ಕುಣಿತ, ಅಸ್ತ್ರಗಳ ಬೀಸು, ದೊಂದಿಯ ಓಟ ಮುಂತಾದವು. ತಡೆಯವೆಂದರೆ ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಇಡುವ ಕೈ, ಪದ್ಯ ಎತ್ತುವ ಮುನ್ನ ಭಾಗವತರು ಕ್ಷಣಕಾಲ ಮುಚ್ಚುವ ಕಣ್ಣು, ತಾಯಿಯ ಮಡಿಲಲ್ಲಿ ಎಚ್ಚರವಾಗಿ ಕುಳಿತ ಮಗು. ಎರಡನೆಯ ಬಗೆಯವು ಅಲೆಯಾಕಾರದಲ್ಲಿ ಕಾಣಿಸುವುದೇ ಇಲ್ಲ. ಆಟವನ್ನು ಪೂರ್ತಿ ನೋಡಿದವನಿಗೆ ಮಾತ್ರ ಸಿಗುತ್ತವೆ. ಎರಡೂ ಸಾಲುಗಳು ಸೇರಿ ಸುಮಾರು 20 ನಿಮಿಷಕ್ಕೆ ಇಳಿದ ಮೇಲೆ ಜೋಡಣೆಯನ್ನು ಆರಂಭಿಸಬಹುದು, ಮತ್ತು ಆ ಜೋಡಣೆ ಆರಂಭವಾಗುವುದು ಚಿತ್ರದಿಂದಲ್ಲ, ಧ್ವನಿಯಿಂದ.

ಧ್ವನಿಯನ್ನು ಮೊದಲು ಕಟ್ಟಿ ಅದರ ಮೇಲೆ ಚಿತ್ರವನ್ನು ಹೊದಿಸುವ ಕ್ರಮದಲ್ಲಿ ಆ ಧ್ವನಿಯ ಎಳೆಯನ್ನು ಬೆನ್ನೆಲುಬು ಎನ್ನಬಹುದು. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ಏರುದನಿಯ ಸಂಗೀತವನ್ನು ಬೆನ್ನೆಲುಬಾಗಿ ಬಳಸುವುದು ಈಗ ವ್ಯಾಪಕವಾದ ರೂಢಿ. ಅವುಗಳಲ್ಲಿ ಬಹುಪಾಲು ನಾಲ್ಕರ ಎಣಿಕೆಯಲ್ಲಿ, ಒಂದೇ ಸಮನಾದ ಕಾಲಪ್ರಮಾಣದಲ್ಲಿ ಸಾಗುತ್ತವೆ. ಯಕ್ಷಗಾನದ ಕುಣಿತವಾದರೋ ತ್ರಿವುಡೆಯಲ್ಲಿದ್ದರೆ ಏಳಕ್ಷರದ ಆವರ್ತದಲ್ಲಿ, ಝಂಪೆಯಲ್ಲಿದ್ದರೆ ಹತ್ತಕ್ಷರದ ಆವರ್ತದಲ್ಲಿ ಹೆಜ್ಜೆಯಿಡುತ್ತದೆ. ಏಳರ ಹೆಜ್ಜೆಯನ್ನು ನಾಲ್ಕರ ಸಂಗೀತಕ್ಕೆ ಕಟ್ಟಿದಾಗ ಪಾದ ನೆಲ ಮುಟ್ಟುವ ಕ್ಷಣವೂ ತಾಳದ ಪೆಟ್ಟೂ ಎಂದೋ ಒಮ್ಮೆ ಮಾತ್ರ ಕೂಡಿ ಬರುತ್ತವೆ. ಯಕ್ಷಗಾನವನ್ನು ಅರಿಯದ ಪ್ರೇಕ್ಷಕನಿಗೂ ಕುಣಿಯುವವನು ತಾಳ ತಪ್ಪಿದಂತೆ ಕಾಣುತ್ತದೆ. ತಾಳದಲ್ಲಿ ಪಳಗಿದ ಕಲಾವಿದನನ್ನು ತಾಳ ತಪ್ಪಿದವನಂತೆ ತೋರಿಸುವುದು ಅನ್ಯಾಯ. ಆದ್ದರಿಂದ ಬೆನ್ನೆಲುಬು ಅದೇ ರಾತ್ರಿಯ ಹಿಮ್ಮೇಳದಿಂದಲೇ, ಎಂದರೆ ಭಾಗವತಿಕೆ, ಚೆಂಡೆ, ಮದ್ದಳೆ, ಚಕ್ರತಾಳ, ಜಾಗಟೆಗಳಿಂದಲೇ ಬರಬೇಕು.

ಹಿಮ್ಮೇಳದಲ್ಲಿ ಏರಿಕೆಯ ಮೆಟ್ಟಿಲುಗಳು ಸಹಜವಾಗಿಯೇ ಇವೆ. ಸೌಮ್ಯವಾದ ಪದ್ಯಗಳಿಗೆ ಮದ್ದಳೆಯೊಂದೇ ನುಡಿಯುತ್ತದೆ. ವೀರ ರೌದ್ರಗಳಿಗೆ ಚೆಂಡೆ ಕೂಡಿಕೊಳ್ಳುತ್ತದೆ. ಕುಣಿತದ ಒಂದು ಘಟ್ಟವನ್ನು ಮುಗಿಸಿ ನಿಲ್ಲಿಸುವ ಪೆಟ್ಟುಗಳ ವಿನ್ಯಾಸಕ್ಕೆ ಬಿಡ್ತಿಗೆ ಎಂದು ಹೆಸರು. ಟೀಸರಿನಲ್ಲಿ ಚೆಂಡೆಯನ್ನು ಆರಂಭದಲ್ಲಿಯೇ ಕೇಳಿಸಿಬಿಟ್ಟರೆ ಮುಂದೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ಅದನ್ನು ಅರ್ಧ ಅವಧಿಯವರೆಗೆ ತಡೆದಿಟ್ಟು, ಮದ್ದಳೆಯ ಮೇಲೆಯೇ ಮೊದಲರ್ಧವನ್ನು ನಡೆಸಿದರೆ, ಚಿತ್ರದ ವೇಗವನ್ನು ಕಿಂಚಿತ್ತೂ ಬದಲಿಸದೆಯೇ ಚೆಂಡೆ ಕೂಡಿದ ಕ್ಷಣದಲ್ಲಿ ವೇಗ ಇಮ್ಮಡಿಸಿದಂತೆ ಭಾಸವಾಗುತ್ತದೆ.

ಈಗ ಲೆಕ್ಕಕ್ಕೆ ಬರಬಹುದು. ತ್ರಿವುಡೆಯ ಏಳಕ್ಷರವನ್ನು ಮೂರು, ಎರಡು, ಎರಡು ಎಂದು ಒಡೆಯಬಹುದು. ಆರಿಸಿಕೊಂಡ ಪದ್ಯದಲ್ಲಿ ಒಂದೊಂದು ಅಕ್ಷರಕ್ಕೆ 9 ಫ್ರೇಮು ಹಿಡಿಯುತ್ತದೆಂದು ಇಟ್ಟುಕೊಂಡರೆ ಒಂದು ಆವರ್ತಕ್ಕೆ 63 ಫ್ರೇಮು, ಎಂದರೆ ಸುಮಾರು ಎರಡೂವರೆ ಸೆಕೆಂಡು ಬೇಕಾಗುತ್ತದೆ. ಮುಂದಿನ ತ್ವರಿತ ಗತಿಯ ಭಾಗದಲ್ಲಿ ಅಕ್ಷರಕ್ಕೆ 6 ಫ್ರೇಮಾದರೆ ಆವರ್ತಕ್ಕೆ 42 ಫ್ರೇಮು. ಆದರೆ ಹಿಮ್ಮೇಳದವರು ಗಡಿಯಾರಕ್ಕೆ ನುಡಿಸುವವರಲ್ಲ, ವೇಷದ ಹೆಜ್ಜೆಗೆ ನುಡಿಸುವವರು. ಆವರ್ತದಿಂದ ಆವರ್ತಕ್ಕೆ ಒಂದೆರಡು ಫ್ರೇಮುಗಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ತಂತ್ರಾಂಶಕ್ಕೆ ಕಾಲಪ್ರಮಾಣವನ್ನು ಹೇಳಿ ಸಮನಾದ ಗೆರೆಗಳನ್ನು ಎಳೆಸಿಕೊಂಡರೆ ಹತ್ತನೆಯ ಆವರ್ತದ ಹೊತ್ತಿಗೆ ಗೆರೆಗಳು ಪೆಟ್ಟುಗಳಿಂದ ಕಣ್ಣಿಗೆ ಕಾಣುವಷ್ಟು ದೂರ ಸರಿದಿರುತ್ತವೆ. ಆದ್ದರಿಂದ ಧ್ವನಿಯನ್ನು ನುಡಿಸಿಕೊಂಡು, ಜಾಗಟೆಯ ಪೆಟ್ಟು ಬಿದ್ದಾಗಲೆಲ್ಲ M ಕೀಲಿಯನ್ನು ಒತ್ತಿ ಗುರುತುಗಳನ್ನು, ಎಂದರೆ ಮಾರ್ಕರ್‌ಗಳನ್ನು, ಕೈಯಾರೆ ಹಾಕಿ, ಆನಂತರ ಒಂದೊಂದನ್ನೂ ಅಲೆಯಾಕಾರದ ಮೊನೆಗೆ ತಿದ್ದಿಕೊಳ್ಳುವುದೇ ನಂಬಲರ್ಹವಾದ ದಾರಿ.

ಗುರುತುಗಳ ಮೇಲೆ ಚಿತ್ರವನ್ನು ಬದಲಿಸುವಾಗ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಚಿತ್ರ ಮುಂದಾಗಿ ಸದ್ದು ತುಸು ತಡವಾಗುವುದನ್ನು ಮನುಷ್ಯನ ಗ್ರಹಿಕೆ ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಏಕೆಂದರೆ ಲೋಕದಲ್ಲಿ ದೂರದ ಸಂಗತಿಗಳು ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ ತಲುಪುತ್ತವೆ. ಸದ್ದು ಮುಂದಾಗಿ ಚಿತ್ರ ಹಿಂದುಳಿಯುವುದನ್ನು ಅದು ಬೇಗ ಹಿಡಿದುಬಿಡುತ್ತದೆ. ಪ್ರಸಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಶಿಫಾರಸು ಸದ್ದು ಮುಂದಾದರೆ ಸುಮಾರು 45 ಮಿಲಿಸೆಕೆಂಡಿಗೆ, ಹಿಂದಾದರೆ ಸುಮಾರು 125 ಮಿಲಿಸೆಕೆಂಡಿಗೆ ಅಂತರ ಗೊತ್ತಾಗುತ್ತದೆಂದು ಗುರುತಿಸುತ್ತದೆ. ಒಂದು ಫ್ರೇಮು 40 ಮಿಲಿಸೆಕೆಂಡಿನದಾದ್ದರಿಂದ ಚಿತ್ರವನ್ನು ಪೆಟ್ಟಿಗಿಂತ ಒಂದೆರಡು ಫ್ರೇಮು ಮೊದಲೇ ಬದಲಿಸಿದರೆ ಅದು ಪೆಟ್ಟಿನ ಮೇಲೆಯೇ ಬಿದ್ದಂತೆ ಎನಿಸುತ್ತದೆ, ಎರಡು ಫ್ರೇಮು ತಡವಾಗಿ ಬದಲಿಸಿದರೆ ಸೋಮಾರಿತನದಂತೆ ಕಾಣುತ್ತದೆ. ಹೊಸ ಚಿತ್ರವನ್ನು ಗುರುತಿಸಲು ಕಣ್ಣಿಗೂ ತುಸು ಸಮಯ ಬೇಕಾಗಿರುವುದರಿಂದ ಈ ಮುಂಗಡ ಎರಡು ಬಗೆಯಲ್ಲಿಯೂ ಉಪಕಾರಿ.

ಆದರೆ ಪ್ರತಿ ಪೆಟ್ಟಿಗೂ ಚಿತ್ರವನ್ನು ಬದಲಿಸಬೇಕೆಂದು ಇದರ ಅರ್ಥವಲ್ಲ. ರಷ್ಯದ ಚಲನಚಿತ್ರಕಾರ ಸೆರ್ಗೆಯ್ ಐಸೆನ್‌ಸ್ಟೈನ್ 1929ರ ಪ್ರಬಂಧವೊಂದರಲ್ಲಿ ಸಂಕಲನದ ವಿಧಾನಗಳನ್ನು ವಿಂಗಡಿಸುತ್ತ, ತುಣುಕುಗಳ ಉದ್ದವನ್ನು ಸಂಗೀತದ ಅಳತೆಯಂತೆ ನಿಗದಿಪಡಿಸುವುದನ್ನು ಅಳತೆಯ ಸಂಕಲನವೆಂದೂ, ತುಣುಕಿನ ಒಳಗಿನ ಚಲನೆಯನ್ನೂ ಲೆಕ್ಕಕ್ಕೆ ಹಿಡಿದು ಉದ್ದವನ್ನು ನಿರ್ಧರಿಸುವುದನ್ನು ಲಯದ ಸಂಕಲನವೆಂದೂ ಬೇರ್ಪಡಿಸಿದರು. ಮೊದಲನೆಯದರಲ್ಲಿ ಚಿತ್ರದಲ್ಲಿ ಏನಿದೆ ಎಂಬುದಕ್ಕೆ ಬೆಲೆಯಿಲ್ಲ. ಎರಡನೆಯದರಲ್ಲಿ ಚಿತ್ರದೊಳಗಿನ ಹೆಜ್ಜೆ, ನೋಟ, ಬೀಸುಗಳೂ ಲಯದ ಪೆಟ್ಟುಗಳೇ ಆಗುತ್ತವೆ. ಧೀಂಗಿಣ ಹಾಕುವ ವೇಷಧಾರಿಯ ಒಂದು ಸುತ್ತು ಆವರ್ತದ ನಡುವೆ ಆರಂಭವಾಗಿ ಮುಂದಿನ ಆವರ್ತದೊಳಗೆ ಮುಗಿಯುತ್ತಿದ್ದರೆ, ತಾಳದ ಗುರುತಿನ ಮೇಲೆ ಕತ್ತರಿಸಿದವನು ಸುತ್ತನ್ನು ಅರ್ಧದಲ್ಲಿ ಮುರಿಯುತ್ತಾನೆ, ಮತ್ತು ನೋಡುವವನ ಮೈ ಆ ಮುರಿತವನ್ನು ಅನುಭವಿಸುತ್ತದೆ. ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕಟ್‌ನ ಗುಣವನ್ನು ನಿರ್ಧರಿಸುವ ಆರು ಅಂಶಗಳನ್ನು ಪಟ್ಟಿಮಾಡಿ, ಭಾವಕ್ಕೆ ನೂರರಲ್ಲಿ 51ರಷ್ಟು, ಕಥೆಗೆ 23ರಷ್ಟು ತೂಕವನ್ನು ಕೊಟ್ಟು, ಲಯಕ್ಕೆ ಮೂರನೆಯ ಸ್ಥಾನದಲ್ಲಿ 10ರಷ್ಟನ್ನು ಇಟ್ಟಿದ್ದಾರೆ. ಲಯಪ್ರಧಾನವಾದ ಟೀಸರಿಗೂ ಈ ಕ್ರಮವೇ ಸರಿ: ಪೆಟ್ಟು ಒಂದು ಕಡೆ, ಪೂರ್ಣವಾಗುವ ಚಲನೆ ಇನ್ನೊಂದು ಕಡೆ ಎಳೆದಾಗ ಪೆಟ್ಟನ್ನು ಬಿಟ್ಟು ಚಲನೆಯನ್ನು ಉಳಿಸಬೇಕು.

ವೇಗ ಏರುತ್ತಿದೆ ಎಂಬ ಅನುಭವ ಹುಟ್ಟುವುದಾದರೂ ಹೇಗೆ? ತುಣುಕುಗಳ ಉದ್ದವನ್ನು ಸಮನಾಗಿ ಕಳೆಯುತ್ತ ಹೋದರೆ, ಉದಾಹರಣೆಗೆ ಪ್ರತಿಸಲವೂ 10 ಫ್ರೇಮಿನಂತೆ ಇಳಿಸಿದರೆ, ಆರಂಭದಲ್ಲಿ 150ರಿಂದ 140ಕ್ಕೆ ಇಳಿದುದು ಯಾರಿಗೂ ತಿಳಿಯುವುದಿಲ್ಲ, ಕೊನೆಯಲ್ಲಿ 20ರಿಂದ 10ಕ್ಕೆ ಇಳಿದುದು ಎಡವಿದಂತೆ ಎನಿಸುತ್ತದೆ. ಕಾಲದ ವ್ಯತ್ಯಾಸವನ್ನು ಮನಸ್ಸು ಗ್ರಹಿಸುವುದು ಕಳೆತದಿಂದಲ್ಲ, ಅನುಪಾತದಿಂದ; ಹಿಂದಿನ ತುಣುಕಿನ ಸುಮಾರು ಮುಕ್ಕಾಲು ಪಾಲಷ್ಟು ಉದ್ದವನ್ನು ಮುಂದಿನದಕ್ಕೆ ಕೊಡುತ್ತ ಹೋದಾಗ ಏರಿಕೆ ಒಂದೇ ನೇರದಲ್ಲಿ ಸಾಗಿದಂತೆ ಅನುಭವಕ್ಕೆ ಬರುತ್ತದೆ. ಈ ಏರಿಕೆಗೆ ಒಂದು ಮಿತಿಯೂ ಇದೆ. ಫ್ರಾನ್ಸಿನ ಆಬೆಲ್ ಗಾನ್ಸ್ 1923ರ ‘ಲಾ ರೂ’ ಚಿತ್ರದಲ್ಲಿ ತುಣುಕುಗಳನ್ನು ಒಂದೊಂದು ಫ್ರೇಮಿನವರೆಗೂ ಇಳಿಸಿದ ಉದಾಹರಣೆ ಇದ್ದರೂ, ಅಲ್ಲಿ ಮರುಕಳಿಸುವುದು ಪ್ರೇಕ್ಷಕ ಅದಾಗಲೇ ಬಲ್ಲ ಮುಖಗಳು. ಅಪರಿಚಿತ ಚಿತ್ರವಾದರೆ 6 ಫ್ರೇಮಿಗಿಂತ ಕೆಳಗೆ ಅದು ಚಿತ್ರವಾಗಿ ಉಳಿಯದೆ ಬರಿಯ ಮಿಂಚಾಗುತ್ತದೆ. ಮುಖದ ಸಮೀಪದ ನೋಟವನ್ನು ಅರ್ಧ ಸೆಕೆಂಡಿನಲ್ಲಿ ಓದಬಹುದು. ಇಡೀ ರಂಗಸ್ಥಳವೂ ಜನರೂ ಕಾಣುವ ದೂರದ ನೋಟಕ್ಕೆ ಎರಡು ಮೂರು ಸೆಕೆಂಡಾದರೂ ಬೇಕು. ಆದ್ದರಿಂದ ವೇಗ ಏರಿದಂತೆಲ್ಲ ನೋಟಗಳು ಹತ್ತಿರವಾಗುತ್ತ ಬರಬೇಕಾಗುತ್ತದೆ.

ಈ ತತ್ತ್ವಗಳನ್ನು ದೇವಿ ಮಹಾತ್ಮೆಯ ಚಿತ್ರೀಕರಿಸಿದ ರಾತ್ರಿಗೆ ಅನ್ವಯಿಸಿದರೆ 75 ಸೆಕೆಂಡಿನ ವಿನ್ಯಾಸ ಹೀಗೆ ರೂಪುಗೊಳ್ಳುತ್ತದೆ. ಮೊದಲ 18 ಸೆಕೆಂಡಿನಲ್ಲಿ ನಾಲ್ಕೇ ನೋಟಗಳು: ಚೌಕಿಯಲ್ಲಿ ಚುಟ್ಟಿ ಇಡುವ ಕೈ 6 ಸೆಕೆಂಡು, ಗಣಪತಿಯ ಮುಂದೆ ಉರಿಯುವ ದೀಪ 5 ಸೆಕೆಂಡು, ಬಯಲಿನಲ್ಲಿ ನೆರೆದ ಜನ 4 ಸೆಕೆಂಡು, ಜಾಗಟೆಯನ್ನು ಎತ್ತಿದ ಭಾಗವತರ ಕೈ 3 ಸೆಕೆಂಡು. ಇಲ್ಲಿ ಚೌಕಿಯ ಗುಸುಗುಸು ಮತ್ತು ಶ್ರುತಿಯ ಹೊರತು ಬೇರೆ ಸದ್ದಿಲ್ಲ. ನಾಲ್ಕನೆಯ ನೋಟ ಮುಗಿಯುವ ಮುನ್ನವೇ ಮುಂದಿನ ಭಾಗದ ಮದ್ದಳೆ ಕೇಳಿಸಲು ಆರಂಭಿಸುತ್ತದೆ. ಮುಂದಿನ ದೃಶ್ಯದ ಸದ್ದನ್ನು ಹಿಂದಿನ ಚಿತ್ರದ ಮೇಲೆಯೇ ತರುವ ಈ ಬೆಸುಗೆಯನ್ನು ಸಂಕಲನಕಾರರು ಜೆ ಕಟ್ ಎನ್ನುತ್ತಾರೆ, ಮತ್ತು ನಿಧಾನದ ಭಾಗದಿಂದ ಲಯದ ಭಾಗಕ್ಕೆ ಮೆತ್ತಗೆ ದಾಟಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಎರಡನೆಯ ಭಾಗದಲ್ಲಿ ನಿಧಾನ ತ್ರಿವುಡೆಯ ಎಂಟು ಆವರ್ತಗಳು, ಎಂದರೆ ಸುಮಾರು 20 ಸೆಕೆಂಡು. ಮೊದಲ ನಾಲ್ಕು ಆವರ್ತಗಳಲ್ಲಿ ಎರಡು ಆವರ್ತಕ್ಕೊಂದರಂತೆ ಎರಡು ನೋಟಗಳು, ಮುಂದಿನ ನಾಲ್ಕರಲ್ಲಿ ಆವರ್ತಕ್ಕೊಂದರಂತೆ ನಾಲ್ಕು ನೋಟಗಳು. ದೇವಿಯ ವೇಷವೂ ದೇವತೆಗಳ ಒಡ್ಡೋಲಗವೂ ಇಲ್ಲಿ ಬರುತ್ತವೆ. ಮೂರನೆಯ ಭಾಗಕ್ಕೆ ಕಾಲಿಡುತ್ತಿದ್ದಂತೆ ಚೆಂಡೆ ಕೂಡಿಕೊಂಡು ಗತಿ ತ್ವರಿತವಾಗುತ್ತದೆ: ಎಂಟು ಆವರ್ತಗಳು, ಸುಮಾರು 13 ಸೆಕೆಂಡು. ಮೊದಲ ನಾಲ್ಕರಲ್ಲಿ ಒಂದೊಂದು ಆವರ್ತವನ್ನು ಮೂರಕ್ಷರ ನಾಲ್ಕಕ್ಷರಗಳಾಗಿ ಒಡೆದು 18 ಮತ್ತು 24 ಫ್ರೇಮಿನ ಎರಡೆರಡು ನೋಟಗಳನ್ನು, ಕೊನೆಯ ನಾಲ್ಕರಲ್ಲಿ 18, 12, 12 ಫ್ರೇಮುಗಳ ಮೂರು ಮೂರು ನೋಟಗಳನ್ನು ಕೂಡಿಸಬೇಕು. ಮೂರು, ಎರಡು, ಎರಡು ಎಂಬ ಒಡೆತ ಚಿತ್ರದಲ್ಲಿ ಕಾಣಿಸಿಕೊಂಡಾಗ ತಾಳದ ಹೆಸರನ್ನೇ ಅರಿಯದವನ ಕಾಲೂ ತ್ರಿವುಡೆಯ ನಡಿಗೆಯನ್ನು ಹಿಡಿಯುತ್ತದೆ. ನಾಲ್ಕರ ಸಂಗೀತಕ್ಕೆ ಕಟ್ಟಿದ ಯಾವ ಟೀಸರಿಗೂ ಈ ಕುಂಟುನಡಿಗೆಯ ಚೆಲುವು ದಕ್ಕುವುದಿಲ್ಲ. ಹನ್ನೆರಡು ಫ್ರೇಮಿನ ನೋಟಗಳಲ್ಲಿ ಚಲನೆಯ ದಿಕ್ಕನ್ನು ಉಳಿಸಿಕೊಳ್ಳುವುದು ಮುಖ್ಯ: ಒಂದರಲ್ಲಿ ಎಡದಿಂದ ಬಲಕ್ಕೆ ಬೀಸಿದ ಗದೆ ಮುಂದಿನದರಲ್ಲಿ ಬಲಕ್ಕೆ ಹೊರಳುವ ಮುಖವನ್ನು ತಲುಪಿದರೆ ಕಣ್ಣು ದಾರಿ ತಪ್ಪುವುದಿಲ್ಲ, ದಿಕ್ಕು ತಿರುವುಮುರುವಾದರೆ ಪ್ರತಿ ನೋಟದಲ್ಲಿಯೂ ಕಣ್ಣು ಹೊಸದಾಗಿ ಹುಡುಕಬೇಕಾಗಿ ಬಂದು ವೇಗದ ಬದಲು ಗೊಂದಲ ಉಳಿಯುತ್ತದೆ.

ಇಲ್ಲಿಗೆ ಸುಮಾರು 52 ಸೆಕೆಂಡು. ಇಲ್ಲಿಯೇ ಬಹುಪಾಲು ಟೀಸರುಗಳು ಸೋಲುತ್ತವೆ, ಏಕೆಂದರೆ ಏರಿದ ವೇಗವನ್ನು ಇನ್ನೂ ಏರಿಸಲು ಹೊರಡುತ್ತವೆ. ವೇಗವನ್ನು ಕೆಲವು ಸೆಕೆಂಡು ಅನುಭವಿಸಿದ ಪ್ರೇಕ್ಷಕನಿಗೆ ಅದೇ ಸಹಜ ಗತಿಯಾಗಿಬಿಡುತ್ತದೆ. ಅದಕ್ಕಿಂತ ವೇಗ ಏರಿದುದು ಅವನಿಗೆ ತಿಳಿಯಬೇಕಾದರೆ ನಡುವೆ ನಿಧಾನದ ನೆನಪನ್ನು ಮರಳಿ ಕೊಡಬೇಕು. ಚೆಂಡೆ ಬಿಡ್ತಿಗೆ ಬಾರಿಸಿ ನಿಂತ ಕ್ಷಣದಲ್ಲಿ ಒಂದೇ ನೋಟ, 5 ಸೆಕೆಂಡು: ಜನರ ಹಿಂಬದಿಯ ಕತ್ತಲು, ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗುತ್ತಿರುವ ತಲೆಗಳು, ಬಹುದೂರದಲ್ಲಿ ಒಂದು ದೊಂದಿ. ಈ ಮೌನವನ್ನು ಪೂರ್ತಿ ನಿಶ್ಶಬ್ದವಾಗಿಸಬಾರದು. ಧ್ವನಿಯನ್ನು ಶೂನ್ಯಕ್ಕಿಳಿಸಿದರೆ ಫೋನೋ ಸ್ಪೀಕರೋ ಕೆಟ್ಟಿತೆಂದು ನೋಡುವವನಿಗೆ ಅನ್ನಿಸುತ್ತದೆ. ಬಯಲಿನ ಸಹಜ ಸದ್ದು, ಕೆಮ್ಮು, ಕೀಟಗಳ ದನಿ ಉಳಿದಿರಬೇಕು. ಚಿತ್ರವನ್ನು ಈ ಹಂತದಲ್ಲಿ ಬೆಳಗಿಸುವ ಆಸೆಯನ್ನೂ ತಡೆಯಬೇಕು, ಏಕೆಂದರೆ ಮುಂದಿನ ಬೆಂಕಿಗೆ ಈ ಕತ್ತಲೆಯೇ ಬಂಡವಾಳ.

ಅನಂತರ ಮಹಿಷಾಸುರನ ಬರವು. ಇಲ್ಲಿ ಚೆಂಡೆಯ ಪೆಟ್ಟುಗಳು ಒಂದರೊಳಗೊಂದು ಬೆರೆತು ಎಡೆಬಿಡದ ಮೊರೆತವಾಗುವುದರಿಂದ ತಾಳದ ಗುರುತುಗಳಿಗೆ ಕೆಲಸವಿಲ್ಲ. ತುಣುಕುಗಳ ಉದ್ದ ಅನುಪಾತದ ಮೇಲೆ ನಿಲ್ಲುತ್ತದೆ: 30, 24, 18, 14, 10, 8, 6, 6 ಫ್ರೇಮು. ದೊಂದಿ ಹಿಡಿದ ಕೈಗಳು, ಭುಗಿಲೆದ್ದ ರಾಳ, ಬೆಂಕಿಯ ಬೆಳಕು ಬಿದ್ದ ಮುಖಗಳು, ಕೊಂಬು, ಕಣ್ಣು. ಎಂಟೂ ಸೇರಿ ಐದು ಸೆಕೆಂಡಿಗೂ ಕಡಿಮೆ. ಕೊನೆಗೆ ವೇಷ ಪೂರ್ತಿಯಾಗಿ ಕಾಣುವಂತೆ ಜನರ ನಡುವಿನಿಂದ ನಡೆದುಬರುವ ಒಂದೇ ನೋಟವನ್ನು ಕತ್ತರಿಸದೆ ಮೂರೂವರೆ ಸೆಕೆಂಡು ಹಿಡಿದಿಟ್ಟು, ಒಂದು ಪೆಟ್ಟಿನ ಮೇಲೆ ಪರದೆಯನ್ನು ಕಪ್ಪಾಗಿಸಬೇಕು. ಒಟ್ಟು ನೋಟಗಳು 40. ಉಳಿದ ಸುಮಾರು 10 ಸೆಕೆಂಡು ಪ್ರಸಂಗ, ಸ್ಥಳ, ದಿನಾಂಕಗಳಿಗೆ. ಅವುಗಳನ್ನು ಎರಡು ಬಾರಿ ನಿಧಾನವಾಗಿ ಓದಿಕೊಳ್ಳುವಷ್ಟು ಹೊತ್ತು ಇಡಬೇಕಾದುದರಿಂದ ಆ ಅವಧಿಯನ್ನು ಕಸಿದು ಇನ್ನಷ್ಟು ದೃಶ್ಯಗಳನ್ನು ತುರುಕುವುದು ಟೀಸರಿನ ಉದ್ದೇಶವನ್ನೇ ಮರೆತಂತೆ.

ದೇವಿಗೂ ಮಹಿಷನಿಗೂ ನಡೆಯುವ ಯುದ್ಧವನ್ನೂ ವಧೆಯನ್ನೂ ಈ ವಿನ್ಯಾಸದಲ್ಲಿ ಎಲ್ಲಿಯೂ ತೋರಿಸಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವಾಗ ಮುಚ್ಚಿಡುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಆಟಕ್ಕೆ ಬರುವವರು ಕಥೆಯನ್ನು ತಿಳಿಯಲು ಬರುವುದಿಲ್ಲ. ಬಲ್ಲ ಕಥೆ ತಮ್ಮ ಕಣ್ಣೆದುರು ಪೂರ್ತಿಯಾಗುವುದನ್ನು ಕಾಣಲು ಬರುತ್ತಾರೆ, ಆದ್ದರಿಂದ ಪೂರ್ತಿಯಾಗುವ ಆ ಕ್ಷಣವನ್ನು ಮೊದಲೇ ಕೊಟ್ಟುಬಿಡುವುದು ಸಲ್ಲದು. ಅದೇ ಬಗೆಯ ಇನ್ನೊಂದು ಶಿಸ್ತೂ ಇದೆ: ಒಂದು ಪ್ರಸಂಗಭಾಗದ ಮಾತಿಗೆ ಇನ್ನೊಂದರಲ್ಲಿ ನಕ್ಕ ಪ್ರೇಕ್ಷಕರ ಮುಖವನ್ನು ಜೋಡಿಸುವುದು, ಕುಣಿತವನ್ನು ಯಂತ್ರದಿಂದ ವೇಗಗೊಳಿಸುವುದು ಮುಂತಾದವು ಸುಲಭವಾಗಿ ಕೈಗೆಟುಕಿದರೂ ನಡೆಯದುದನ್ನು ನಡೆದಂತೆ ತೋರಿಸುತ್ತವೆ. ಧೀಂಗಿಣವನ್ನು ನೂರಕ್ಕೆ ಇಪ್ಪತ್ತರಷ್ಟು ವೇಗಗೊಳಿಸಿದರೂ ವೇಷದ ಭಾರ ಮಾಯವಾಗಿ ಕುಣಿತ ಗೊಂಬೆಯಾಟದಂತಾಗುತ್ತದೆ. ಬಟ್ಟೆ ಬೀಳುವ ಬಗೆ, ಗೆಜ್ಜೆ ಅದುರುವ ಬಗೆ ಸುಳ್ಳನ್ನು ಹೇಳಿಬಿಡುತ್ತವೆ.

ಸಿದ್ಧವಾದ ಟೀಸರನ್ನು ಪರೀಕ್ಷಿಸಲು ಎರಡು ಸರಳ ಕ್ರಮಗಳಿವೆ. ಧ್ವನಿಯನ್ನು ಮುಚ್ಚಿ ಚಿತ್ರವನ್ನಷ್ಟೇ ನೋಡಿದಾಗಲೂ ವೇಗ ಏರುವುದು, ನಿಲ್ಲುವುದು, ಸಿಡಿಯುವುದು ತಿಳಿಯಬೇಕು. ಬಹಳಷ್ಟು ಜನ ಫೋನಿನಲ್ಲಿ ಧ್ವನಿಯಿಲ್ಲದೆಯೇ ಮೊದಲ ಸಲ ನೋಡುವುದರಿಂದ ಇದು ಅಗತ್ಯವೂ ಹೌದು. ಕಣ್ಣು ಮುಚ್ಚಿ ಧ್ವನಿಯನ್ನಷ್ಟೇ ಕೇಳಿದಾಗ ಎಲ್ಲಿಯಾದರೂ ಪದ್ಯ ಅರ್ಧ ಶಬ್ದದಲ್ಲಿ ತುಂಡಾಗಿದ್ದರೆ, ಆವರ್ತದಲ್ಲಿ ಒಂದು ಅಕ್ಷರ ಕಳೆದುಹೋಗಿದ್ದರೆ ಕಿವಿಗೆ ಕೂಡಲೇ ಹೊಳೆಯುತ್ತದೆ. ಈ ಎರಡನೆಯ ಪರೀಕ್ಷೆಯನ್ನು ಹಿಮ್ಮೇಳ ಬಲ್ಲವರೊಬ್ಬರಿಂದ ಮಾಡಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಏಳಕ್ಷರದ ಆವರ್ತ ಆರಕ್ಕೆ ಇಳಿದುದು ಸಂಕಲನಕಾರನಿಗೆ ತಿಳಿಯದಿದ್ದರೂ ಮದ್ದಳೆಗಾರನಿಗೆ ತಪ್ಪದೆ ತಿಳಿಯುತ್ತದೆ.

ಇಷ್ಟೆಲ್ಲವೂ ನಿಂತಿರುವುದು ಮೂಲ ದಾಖಲೆಯ ಗುಣದ ಮೇಲೆ. ಬಯಲಿನ ಧ್ವನಿವರ್ಧಕದ ಸದ್ದನ್ನು ಕ್ಯಾಮೆರಾದ ಮೈಕಿನಲ್ಲಿ ಮಾತ್ರ ಹಿಡಿದಿದ್ದರೆ ಚೆಂಡೆಯನ್ನು ತಡೆದಿಟ್ಟು ಮದ್ದಳೆಯನ್ನು ಮುಂದೆ ತರುವುದಾಗಲಿ, ಬಿಡ್ತಿಗೆಯ ನಂತರದ ಮೌನವನ್ನು ಕಟ್ಟುವುದಾಗಲಿ ಸಾಧ್ಯವಾಗುವುದಿಲ್ಲ. ಆಟವನ್ನು ದಾಖಲಿಸುವ ಮೇಳಗಳೂ ಸಂಘಟಕರೂ ಭಾಗವತರಿಗೆ, ಚೆಂಡೆಗೆ, ಮದ್ದಳೆಗೆ ಪ್ರತ್ಯೇಕ ಧ್ವನಿಪಥಗಳನ್ನು ಇಟ್ಟುಕೊಂಡು, ಬಯಲಿನ ಸದ್ದಿಗೆ ಇನ್ನೊಂದು ಮೈಕನ್ನು ಜನರ ನಡುವೆ ನಿಲ್ಲಿಸಿ, ಟೀಸರ್ ಮುಗಿದ ಮೇಲೂ ಇಡೀ ರಾತ್ರಿಯ ಮೂಲ ಕಡತಗಳನ್ನು ಅಳಿಸದೆ ಕಾಪಾಡಿಕೊಳ್ಳಬೇಕು.